ಅರಮನೆ ಫೋಟೊ ಚಿಕ್ಕದು ಮಾಡಿದ್ರೆ ದೀಪ ಯಾಕೆ ಆರಿಹೋಗುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಶುರು ಮಾಡೋ ಮುಂಚೆ ನಿಮ್ಮ ಫೋನ್ ಗ್ಯಾಲರಿ ಒಂದ್ಸಲ ತೆಗೀರಿ. ರಾತ್ರಿ ಹೊತ್ತಲ್ಲಿ ತೆಗೆದ ಒಂದು ಫೋಟೊ ಹುಡುಕಿ. ಮದುವೆ ಮನೆ ಸೀರಿಯಲ್ ಸೆಟ್ ಆಗಬಹುದು, ಜಾತ್ರೆ ಆಗಬಹುದು, ದೀಪಾವಳಿ ದೀಪದ ಸಾಲು ಆಗಬಹುದು. ಮೊದಲು ಅದರ ಪುಟ್ಟ ಚೌಕವನ್ನು ನೋಡಿ, ಆಮೇಲೆ ಮುಟ್ಟಿ ದೊಡ್ಡದು ಮಾಡಿ ನೋಡಿ. ಕೆಲವು ಫೋನ್‌ಗಳಲ್ಲಿ, ಕೆಲವು ಆ್ಯಪ್‌ಗಳಲ್ಲಿ ಚಿಕ್ಕದರಲ್ಲಿ ದೀಪಗಳು ಮಂಕಾಗಿ, ದೊಡ್ಡದರಲ್ಲಿ ಝಗಝಗ ಅಂತ ಕಾಣುತ್ತವೆ. ಫೋಟೊ ಒಂದೇ. ಹಾಗಾದ್ರೆ ಬೆಳಕು ಎಲ್ಲಿ ಹೋಯ್ತು?

ಈ ಪ್ರಶ್ನೆ ನನಗೆ ಸುಮ್ಮನೆ ಹುಟ್ಟಿದ್ದಲ್ಲ, ಬೈಸಿಕೊಂಡು ಹುಟ್ಟಿದ್ದು. ಕೆಲವು ವರ್ಷದ ಹಿಂದೆ ಒಂದು ವೆಬ್ ಡೆಸ್ಕ್‌ನಲ್ಲಿ ಕೆಲಸ ಮಾಡ್ತಿದ್ದೆ. ಬಂದ ಫೋಟೊಗಳನ್ನು ಮುಖಪುಟದ ಸೈಜ್‌ಗೆ ಇಳಿಸೋ ಸ್ಕ್ರಿಪ್ಟ್ ನಾನೇ ಬರೆದದ್ದು. ಒಂದು ಭಾನುವಾರ ಸಂಜೆ, ಹಿರಿಯ ಫೋಟೊಗ್ರಾಫರ್ ಒಬ್ಬರು ಮೈಸೂರು ಅರಮನೆಯ ದೀಪಾಲಂಕಾರ ತೆಗೆದು ಕಳಿಸಿದ್ರು. ಗೊತ್ತಲ್ಲ, ಅರಮನೆಯ ಕಮಾನು, ಗೋಪುರ, ಅಂತಸ್ತಿನ ಅಂಚು, ಎಲ್ಲಕ್ಕೂ ಸುಮಾರು ಒಂದು ಲಕ್ಷ ಬಲ್ಬುಗಳನ್ನು ಸಾಲಾಗಿ ಕೂರಿಸಿದ್ದಾರೆ. ನಾನು ಫೋಟೊ ಇಳಿಸಿದೆ, ಹಾಕಿದೆ. ಅರಮನೆ ಅರ್ಧ ಕತ್ತಲಲ್ಲಿತ್ತು. ಒಂದು ಅಂತಸ್ತಿನ ಸಾಲು ಪೂರ್ತಿ ಮಾಯ, ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಡೆಸ್ಕ್‌ನಲ್ಲಿದ್ದ ನಾವೆಲ್ಲ ಸೇರಿ ತೀರ್ಪು ಕೊಟ್ಟುಬಿಟ್ವಿ: 'ಎಕ್ಸ್‌ಪೋಷರ್ ಕಮ್ಮಿ ಆಗಿದೆ, ಸರ್‌ಗೆ ವಯಸ್ಸಾಯ್ತು.' ಮುಖಪುಟದಿಂದ ತೆಗೆದು ಏಜೆನ್ಸಿ ಫೋಟೊ ಹಾಕಿದ್ವಿ.

ಹತ್ತು ನಿಮಿಷಕ್ಕೆ ಅವರ ಫೋನ್ ಬಂತು. 'ಏನಪ್ಪಾ, ನನ್ನ ಫೋಟೊದಲ್ಲಿ ದೀಪ ಆರಿಸಿದೋರು ಯಾರು? ಕರೆಂಟ್ ಹೋಗಿತ್ತಾ ನಿಮ್ಮ ಆಫೀಸಲ್ಲಿ?'

ನಾನು ಬ್ರೈಟ್‌ನೆಸ್ ಏರಿಸಿ ಸರಿ ಮಾಡಕ್ಕೆ ಹೋದೆ. ಕಪ್ಪು ಆಕಾಶ ಬೂದಿ ಬಣ್ಣಕ್ಕೆ ತಿರುಗಿತು, ಬಲ್ಬು ಮಾತ್ರ ಬರಲಿಲ್ಲ. ಇಲ್ಲದ ದೀಪವನ್ನು ಹೆಚ್ಚಿಸೋದು ಹೇಗೆ?

ಆಗ ಕೂತು ಲೆಕ್ಕ ಹಾಕಿದೆ. ಅವರ ಫೋಟೊ ಅಡ್ಡಕ್ಕೆ 6000 ಪಿಕ್ಸೆಲ್, ಉದ್ದಕ್ಕೆ 4000. ನಮ್ಮ ಪುಟದಲ್ಲಿ ಬೇಕಾಗಿದ್ದು 600ಕ್ಕೆ 400. ಅಂದ್ರೆ ಎರಡೂ ಕಡೆ ಹತ್ತರಲ್ಲಿ ಒಂದು ಪಾಲು. ದೊಡ್ಡ ಫೋಟೊದಲ್ಲಿ ಹತ್ತಕ್ಕೆ ಹತ್ತು, ಅಂದ್ರೆ 100 ಪಿಕ್ಸೆಲ್‌ಗಳ ಒಂದು ಚೌಕ, ಚಿಕ್ಕದರಲ್ಲಿ ಒಂದೇ ಒಂದು ಪಿಕ್ಸೆಲ್ ಆಗಬೇಕು. ಆ ನೂರು ಜನರ ಪರವಾಗಿ ಒಬ್ಬ ಮಾತಾಡಬೇಕು. ಯಾರು ಮಾತಾಡೋದು ಅನ್ನೋದೇ ಇಡೀ ಕಥೆ.

ನನ್ನ ಸ್ಕ್ರಿಪ್ಟ್ ಮಾಡ್ತಿದ್ದದ್ದು ಅತಿ ಸೋಮಾರಿ ಕೆಲಸ. ಪ್ರತಿ ಚೌಕದಿಂದ ಒಂದು ಪಿಕ್ಸೆಲ್ ಎತ್ತಿಕೊಂಡು, ಉಳಿದ 99ನ್ನು ಬಿಸಾಕ್ತಿತ್ತು. ಇದಕ್ಕೆ ನಿಯರೆಸ್ಟ್ ನೇಬರ್ ಅಂತ ಹೆಸರು. ಬಹಳ ವೇಗ, ಅದೊಂದೇ ಅದರ ಗುಣ.

ಈಗ ಅರಮನೆಯ ಒಂದು ಬಲ್ಬಿನ ಸಾಲು ತಗೊಳ್ಳಿ. ಲೆಕ್ಕ ಸುಲಭ ಆಗಲಿ ಅಂತ ಹೀಗೆ ಇಟ್ಕೊಳ್ಳೋಣ: ಪ್ರತಿ 9 ಪಿಕ್ಸೆಲ್‌ಗೆ ಒಂದು ಬಲ್ಬು, ಒಂದೊಂದು ಬಲ್ಬೂ 2 ಪಿಕ್ಸೆಲ್ ಅಗಲ, 2 ಪಿಕ್ಸೆಲ್ ಎತ್ತರ. ನಾವು ಹತ್ತತ್ತು ಪಿಕ್ಸೆಲ್ ಹಾರುತ್ತಾ ಹೋಗ್ತೀವಿ. ಮೊದಲ ಹೆಜ್ಜೆ ಸರಿಯಾಗಿ ಬಲ್ಬಿನ ಮೇಲೆ ಬಿತ್ತು ಅನ್ನಿ. ಎರಡನೇ ಹೆಜ್ಜೆ ಹತ್ತು ಪಿಕ್ಸೆಲ್ ಮುಂದೆ, ಆದ್ರೆ ಮುಂದಿನ ಬಲ್ಬು ಶುರುವಾಗಿದ್ದು ಒಂಬತ್ತರಲ್ಲೇ. ಹಾಗಾಗಿ ಬಲ್ಬಿನ ಎರಡನೇ ಪಿಕ್ಸೆಲ್ ಮೇಲೆ ಕಾಲಿಟ್ವಿ. ಮೂರನೇ ಹೆಜ್ಜೆ ಇನ್ನೂ ಒಂದು ಪಿಕ್ಸೆಲ್ ಜಾರಿ ಕತ್ತಲಿಗೆ ಬಿತ್ತು. ನಾಲ್ಕನೆಯದೂ ಕತ್ತಲು, ಐದನೆಯದೂ ಕತ್ತಲು. ಹೀಗೆ ಏಳು ಹೆಜ್ಜೆ ಕತ್ತಲಲ್ಲೇ ನಡೆದು, ಮತ್ತೆ ಎರಡು ಹೆಜ್ಜೆ ಬೆಳಕು. ಚಿಕ್ಕ ಫೋಟೊದಲ್ಲಿ ಏನು ಕಾಣುತ್ತೆ? ಎರಡು ಬಿಳಿ, ಏಳು ಕಪ್ಪು, ಎರಡು ಬಿಳಿ, ಏಳು ಕಪ್ಪು. ಅಂಥ ವಿನ್ಯಾಸ ಅರಮನೆ ಮೇಲೆ ಎಲ್ಲೂ ಇಲ್ಲ! ನಮ್ಮ ಹೆಜ್ಜೆಗೂ ಬಲ್ಬಿನ ಅಂತರಕ್ಕೂ ತಾಳ ತಪ್ಪಿ ಹುಟ್ಟಿದ ಸುಳ್ಳು ವಿನ್ಯಾಸ ಅದು. ಇದಕ್ಕೇ ಏಲಿಯಾಸಿಂಗ್ ಅನ್ನೋದು. ಟಿವಿಯಲ್ಲಿ ಸಣ್ಣ ಗೆರೆ ಶರ್ಟ್ ಹಾಕಿದೋರ ಮೈಮೇಲೆ ಅಲೆ ಅಲೆ ಬಣ್ಣ ಓಡಾಡುತ್ತಲ್ಲ, ಸಿನಿಮಾದಲ್ಲಿ ಗಾಡಿ ಚಕ್ರ ಹಿಂದಕ್ಕೆ ತಿರುಗುತ್ತಲ್ಲ, ಎಲ್ಲ ಒಂದೇ ಜಾತಿ.

ಇದು ಅಡ್ಡಕ್ಕೆ ಆಯ್ತು. ಮೇಲಿಂದ ಕೆಳಕ್ಕೂ ನಾವು ಹತ್ತು ಹತ್ತೇ ಹಾರ್ತಿದ್ದೀವಿ, ಬಲ್ಬಿನ ಎತ್ತರ ಎರಡೇ ಪಿಕ್ಸೆಲ್. ಹಾಗಾಗಿ ನಮ್ಮ ಹೆಜ್ಜೆ ಒಂದು ಅಂತಸ್ತಿನ ಸಾಲಿನ ಮೇಲೆ ಬೀಳೋ ಸಾಧ್ಯತೆ ಐದರಲ್ಲಿ ಒಂದು. ಬೀಳದಿದ್ರೆ ಇಡೀ ಅಂತಸ್ತೇ ಮಾಯ. ಡೆಸ್ಕ್‌ನಲ್ಲಿ ನಾವು ನೋಡಿದ್ದು ಇದನ್ನೇ.

ಇನ್ನು ವಿಡಿಯೊದಲ್ಲಿ ಕ್ಯಾಮೆರಾ ಮೆಲ್ಲಗೆ ಪಕ್ಕಕ್ಕೆ ತಿರುಗಿದ್ರೆ ಇನ್ನೂ ಮಜಾ. ಒಂದೇ ಪಿಕ್ಸೆಲ್ ಜರುಗಿದ್ರೂ ಯಾವ ಬಲ್ಬು ಸಿಗುತ್ತೆ, ಯಾವುದು ತಪ್ಪುತ್ತೆ ಅನ್ನೋದು ಬದಲಾಗುತ್ತೆ. ಪ್ರತಿ ಫ್ರೇಮ್‌ಗೂ ಬೇರೆ ಬೇರೆ ಬಲ್ಬು ಹತ್ತಿ ಆರಿ ಹತ್ತಿ ಆರಿ, ಅರಮನೆ ಮಿಣಮಿಣ ಅನ್ನುತ್ತೆ. ಆ ಮಿನುಗಾಟ ಅರಮನೆಯದಲ್ಲ, ನಾವು ಮಾಡಿದ್ದು.

ಪರಿಹಾರ ಊಹಿಸೋದು ಕಷ್ಟ ಅಲ್ಲ. ಒಬ್ಬನನ್ನು ಆರಿಸೋ ಬದಲು ನೂರು ಜನರನ್ನೂ ಕೇಳಿ ಸರಾಸರಿ ತೆಗೀಬೇಕು. ಆಗ ಬಲ್ಬು ಚೌಕದ ಯಾವ ಮೂಲೆಯಲ್ಲಿದ್ರೂ ಲೆಕ್ಕಕ್ಕೆ ಬರುತ್ತೆ. ಆದ್ರೆ ಇಲ್ಲೊಂದು ಹಳ್ಳ ಇದೆ, ನಾನು ನೇರವಾಗಿ ಅದರಲ್ಲೇ ಬಿದ್ದೆ. ಬೈಲೀನಿಯರ್ ಅನ್ನೋ ಹೆಸರು ಕೇಳಿ, ಇದು ಸರಾಸರಿ ತೆಗೆಯುತ್ತೆ ಅಂತ ಅದನ್ನು ಹಾಕಿದೆ. ನಾನು ಬಳಸ್ತಿದ್ದ ಓಪನ್‌ಸಿವಿಯಲ್ಲಿ `INTER_LINEAR` ಅಂದ್ರೆ, ನೀವು ಎಷ್ಟೇ ಚಿಕ್ಕದು ಮಾಡಿದ್ರೂ ಅದು ನೋಡೋದು ಹತ್ತಿರದ ನಾಲ್ಕೇ ಪಿಕ್ಸೆಲ್‌ಗಳನ್ನು. ನೂರರಲ್ಲಿ ನಾಲ್ಕು! ಅರ್ಧಕ್ಕೆ ಇಳಿಸುವಾಗ ಸಾಕು, ಹತ್ತನೇ ಒಂದಕ್ಕೆ ಸಾಲದು. ಅಲ್ಲಿ ಚಿಕ್ಕದು ಮಾಡೋಕೆ `INTER_AREA` ಹಾಕಬೇಕು. ಪಿಲ್ಲೋ ಲೈಬ್ರರಿಯಲ್ಲಿ ಅದೇ ಬೈಲೀನಿಯರ್ ಹೆಸರಿನದು ಚೌಕ ಎಷ್ಟು ದೊಡ್ಡದೋ ಅಷ್ಟು ಅಗಲಕ್ಕೂ ಹರಡಿಕೊಳ್ಳುತ್ತೆ. ಹೆಸರು ಒಂದೇ, ಕೆಲಸ ಬೇರೆ. ಹೆಸರು ನಂಬಿ ಕೆಟ್ಟೆ ಅಂತಾರಲ್ಲ, ಹಾಗೆ.

ಸರಿ, ಕೊನೆಗೆ ನೂರನ್ನೂ ಕೂಡಿಸಿ ಸರಾಸರಿ ತೆಗೆಯೋ ಹಾಗೆ ಮಾಡಿದೆ. ಸುಳ್ಳು ವಿನ್ಯಾಸ ಹೋಯ್ತು, ಎಲ್ಲಾ ಅಂತಸ್ತುಗಳೂ ಬಂದ್ವು. ಫೋನ್ ಮಾಡಿ ಹೇಳಿದೆ. ಅವರು ನೋಡಿ ಅಂದ್ರು: 'ಸಾಲು ಬಂತು ಕಣಪ್ಪ, ದೀಪ ಇನ್ನೂ ಹತ್ತಿಲ್ಲ.' ನಿಜವೇ. ಹೊಳೆಯಬೇಕಾದ ಸಾಲುಗಳು ಕೆಂಡ ಆರಿದ ಮೇಲೆ ಉಳಿಯೋ ಹಾಗೆ ಮಂಕಾಗಿದ್ವು.

ಇಲ್ಲಿಂದ ಎರಡನೇ ಕಥೆ. ನನಗೆ ಇದು ಮೊದಲನೆಯದಕ್ಕಿಂತ ಇಷ್ಟ, ಯಾಕಂದ್ರೆ ಇಲ್ಲಿ ತಪ್ಪು ಕಣ್ಣೆದುರೇ ಇದ್ರೂ ಕಾಣಲ್ಲ.

ಫೈಲ್‌ನಲ್ಲಿ ಒಂದು ಪಿಕ್ಸೆಲ್ 0 ಅಂದ್ರೆ ಕಪ್ಪು, 255 ಅಂದ್ರೆ ಪೂರ್ತಿ ಬಿಳಿ. ಹಾಗಾದ್ರೆ 128 ಅಂದ್ರೆ ಅರ್ಧ ಬೆಳಕು ಅಂತ ಅಲ್ವಾ? ಅಲ್ಲ. ಪರದೆ ಮೇಲೆ 128 ಕೊಡೋ ಬೆಳಕು ಬಿಳಿಯ ಬೆಳಕಿನಲ್ಲಿ ಸುಮಾರು ಶೇ 22 ಮಾತ್ರ. ನಿಜವಾಗಿ ಅರ್ಧ ಬೆಳಕು ಬೇಕು ಅಂದ್ರೆ 188 ಬರೀಬೇಕು. ಫೈಲ್‌ನಲ್ಲಿರೋ ಸಂಖ್ಯೆ ಬೆಳಕಿನ ಅಳತೆ ಅಲ್ಲ, ಅದೊಂದು ಸಂಕೇತ.

ಹೀಗೆ ಯಾಕೆ ಮಾಡಿದ್ರು ಅಂದ್ರೆ, ನಮ್ಮ ಕಣ್ಣು ಕತ್ತಲಲ್ಲಿ ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತೆ, ಬೆಳಕಲ್ಲಿ ಹಿಡಿಯಲ್ಲ. ಕತ್ತಲ ಕೋಣೆಗೆ ಒಂದು ಮೊಂಬತ್ತಿ ತಂದ್ರೆ ಗೊತ್ತಾಗುತ್ತೆ, ಮಟಮಟ ಮಧ್ಯಾಹ್ನ ಅಂಗಳದಲ್ಲಿ ಹಚ್ಚಿದ್ರೆ ಗೊತ್ತಾಗಲ್ಲ. ಕೈಯಲ್ಲಿರೋದು 256 ಮೆಟ್ಟಿಲು ಮಾತ್ರ, ಹಾಗಾಗಿ ಹೆಚ್ಚು ಮೆಟ್ಟಿಲುಗಳನ್ನು ಕತ್ತಲ ಕಡೆಗೆ ಕೊಟ್ರು. ಹಳೇ ಪಿಕ್ಚರ್ ಟ್ಯೂಬ್ ಟಿವಿಗಳ ಸ್ವಭಾವವೂ ಹೆಚ್ಚು ಕಮ್ಮಿ ಇದಕ್ಕೆ ಹೊಂದ್ತಿತ್ತು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಇದನ್ನೊಂದು ನಿಯಮವಾಗಿ ಮುಂದಿಟ್ಟವು, 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡ ಆಯ್ತು. ಅದರ ಹೆಸರು `sRGB`. ಬಾಯಿಮಾತಲ್ಲಿ ಈ ಬಾಗಿದ ಲೆಕ್ಕಕ್ಕೆ ಗಾಮಾ ಅಂತಾರೆ. ಫೋಟೊ ಇಡೋಕೆ, ಕಳಿಸೋಕೆ ಇದು ಒಳ್ಳೇ ಉಪಾಯ. ತೊಂದರೆ ಬರೋದು ಆ ಸಂಕೇತಗಳನ್ನೇ ಕೂಡಿಸಿ ಭಾಗಿಸಿದಾಗ.

ಅರಮನೆಗೇ ವಾಪಸ್ ಹೋಗೋಣ. ನಮ್ಮ ನೂರು ಪಿಕ್ಸೆಲ್ ಚೌಕದಲ್ಲಿ ಒಂದು ಬಲ್ಬು ಇದೆ, ಅಂದ್ರೆ 4 ಪಿಕ್ಸೆಲ್ 255. ಉಳಿದ 96 ಕಪ್ಪು, ಅಂದ್ರೆ 0. ಸಂಕೇತಗಳ ಸರಾಸರಿ ತೆಗೆದ್ರೆ 4 ಗುಣಿಸು 255, ಭಾಗಿಸು 100, ಅಂದ್ರೆ 10. ಈ 10 ಪರದೆ ಮೇಲೆ ಕೊಡೋ ಬೆಳಕೆಷ್ಟು? ಬಿಳಿಯ ಶೇ 0.3. ರಾತ್ರಿ ಆಕಾಶದಲ್ಲಿ ಅದು ಇದ್ದೂ ಇಲ್ಲದ ಹಾಗೆ.

ಈಗ ಬೆಳಕನ್ನೇ ಕೂಡಿಸೋಣ. ನೂರರಲ್ಲಿ ನಾಲ್ಕು ಪಿಕ್ಸೆಲ್ ಪೂರ್ತಿ ಹೊಳೀತಿವೆ, ಅಂದ್ರೆ ಆ ಚೌಕದಿಂದ ಬರೋ ಬೆಳಕು ಶೇ 4. ದೂರ ನಿಂತು ನೋಡಿದಾಗ ನಿಮ್ಮ ಕಣ್ಣಿಗೆ ಬೀಳೋದೂ ಅಷ್ಟೇ. ಶೇ 4 ಬೆಳಕನ್ನು ಸಂಕೇತಕ್ಕೆ ಬದಲಾಯಿಸಿದ್ರೆ 56 ಬರುತ್ತೆ.

10 ಎಲ್ಲಿ, 56 ಎಲ್ಲಿ! ಬೆಳಕಿನ ಲೆಕ್ಕದಲ್ಲಿ ಸುಮಾರು 13 ಪಟ್ಟು ವ್ಯತ್ಯಾಸ. ನಾನು ಆ ಫೋಟೊಗ್ರಾಫರ್ ಹಿಡಿದು ತಂದ ಬೆಳಕಿನಲ್ಲಿ ಹದಿಮೂರರಲ್ಲಿ ಹನ್ನೆರಡು ಪಾಲು ಚೆಲ್ಲಿ, ಆಮೇಲೆ 'ಸರ್‌ಗೆ ವಯಸ್ಸಾಯ್ತು' ಅಂದಿದ್ದೆ.

ಲೀನಿಯರ್ ಲೈಟ್‌ನಲ್ಲಿ ರೀಸೈಜ್ ಮಾಡೋದು ಅಂದ್ರೆ ಇಷ್ಟೇ: ಮೊದಲು ಸಂಕೇತವನ್ನು ಬೆಳಕಿನ ಅಳತೆಗೆ ಬಿಡಿಸು, ಆಮೇಲೆ ಸರಾಸರಿ ತೆಗಿ, ಕೊನೆಗೆ ಮತ್ತೆ ಸಂಕೇತಕ್ಕೆ ಮಡಿಸು. ಸಣ್ಣ ವಿವರ ಉಳಿಯೋದೂ ಇದರಿಂದಲೇ. ಕಪ್ಪಿನ ಮೇಲಿನ ಸಣ್ಣ ಹೊಳಪು, ಅಂದ್ರೆ ನಕ್ಷತ್ರ, ಮಳೆ ಹನಿ, ಜರಿ ಎಳೆ, ಇವೆಲ್ಲ ಚೌಕದಲ್ಲಿ ಸ್ವಲ್ಪವೇ ಜಾಗ ಹಿಡಿದಿರುತ್ತವೆ. ಸಂಕೇತದ ಸರಾಸರಿ ಮೊದಲು ನುಂಗೋದು ಇವನ್ನೇ.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೀತು. ಬರೀ ಸರಾಸರಿ ತೆಗೆದ್ರೆ ವಿಡಿಯೊದ ಮಿನುಗಾಟ ಪೂರ್ತಿ ನಿಲ್ಲಲ್ಲ. ಚಿಕ್ಕ ವಿಡಿಯೊದಲ್ಲಿ ಒಂದು ದೊಡ್ಡ ದೀಪ ಸರಿಯಾಗಿ ಒಂದು ಪಿಕ್ಸೆಲ್ ತುಂಬಿದೆ ಅನ್ನಿ, ಅದರ ಬೆಲೆ 255. ಕ್ಯಾಮೆರಾ ಸ್ವಲ್ಪ ತಿರುಗಿ, ದೀಪ ಎರಡು ಪಿಕ್ಸೆಲ್‌ಗಳ ನಡುವೆ ಅರ್ಧ ಅರ್ಧ ನಿಂತಿತು. ಸಂಕೇತದ ಲೆಕ್ಕದಲ್ಲಿ ಎರಡಕ್ಕೂ 128 ಸಿಗುತ್ತೆ. ಎರಡರ ಬೆಳಕೂ ಸೇರಿ ಶೇ 43! ದೀಪ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ದಾಟುವಾಗಲೆಲ್ಲ ಅರ್ಧಕ್ಕಿಂತ ಕಡಿಮೆಗೆ ಕುಗ್ಗಿ ಮತ್ತೆ ಏರುತ್ತೆ, ಉಸಿರಾಡಿದ ಹಾಗೆ. ಬೆಳಕಿನ ಲೆಕ್ಕದಲ್ಲಿ ಎರಡಕ್ಕೂ 188 ಸಿಗುತ್ತೆ, ಅರ್ಧ ಮತ್ತು ಅರ್ಧ ಸೇರಿ ಒಂದು. ದೀಪ ಸುಮ್ಮನೆ ಜರುಗುತ್ತೆ, ಮಿಣುಕಲ್ಲ.

ಕಂಪ್ಯೂಟರ್ ಇರೋರು ಮಾಡಿ ನೋಡ್ತೀವಿ ಅಂದ್ರೆ ಇಮೇಜ್‌ಮ್ಯಾಜಿಕ್‌ನಲ್ಲಿ ಒಂದೇ ಸಾಲು:

```
magick aramane.jpg -colorspace RGB -filter Triangle -resize 600x -colorspace sRGB chikka.jpg
```

ಇಲ್ಲಿ `RGB` ಅಂದ್ರೆ ಲೀನಿಯರ್ ಬೆಳಕು, `sRGB` ಅಂದ್ರೆ ಮಾಮೂಲಿ ಸಂಕೇತ. ಎರಡೂ ಒಂದೇ ಅಂದ್ಕೊಂಡು ಕೊನೆಯದನ್ನು ಬಿಟ್ರೆ ಫೋಟೊದ ಬೆಳಕು ತಲೆಕೆಳಗಾಗಬಹುದು. ನಡುವಿನ ಲೆಕ್ಕವನ್ನು 8 ಬಿಟ್‌ನಲ್ಲಿ ಮಾಡಲೇಬಾರದು, ಇದು ಸ್ವಂತ ಕೋಡ್ ಬರೆಯೋರಿಗೆ. ಬೆಳಕನ್ನು 256 ಸಮಾನ ಮೆಟ್ಟಿಲಾಗಿ ಕತ್ತರಿಸಿದ್ರೆ, ಕಪ್ಪಿನ ನಂತರದ ಮೊದಲ ಮೆಟ್ಟಿಲೇ ಸಂಕೇತದಲ್ಲಿ 13ಕ್ಕೆ ಹಾರುತ್ತೆ. ನಡುವಿನ ನಸುಗತ್ತಲೆಲ್ಲ ಹೋಗಿ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುತ್ತೆ. 16 ಬಿಟ್ ಅಥವಾ ದಶಮಾಂಶ ಸಂಖ್ಯೆಗಳಲ್ಲೇ ಮಾಡಿ.

ಟ್ರಯಾಂಗಲ್ ಯಾಕೆ ಅಂತ ಕೇಳಬಹುದು. ಎಲ್ಲರೂ ಹೊಗಳೋದು ಲ್ಯಾಂಕ್ಜೋಸ್ ಫಿಲ್ಟರನ್ನು, ಅಂಚು ಚೂಪಾಗಿ ಬರುತ್ತೆ ಅಂತ. ಆದ್ರೆ ಅದು ಚೂಪು ಮಾಡೋದು ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಸ್ವಲ್ಪ ಕಳೆದು. ಪಕ್ಕದಲ್ಲಿ ಪ್ರಖರ ಬಲ್ಬು ಇದ್ದಾಗ, ಲೀನಿಯರ್ ಬೆಳಕಲ್ಲಿ ಆ ಕಳೆಯೋ ಪಾಲು ನಸುಗತ್ತಲನ್ನು ಸೊನ್ನೆಗೂ ಕೆಳಗೆ ತಳ್ಳಿಬಿಡುತ್ತೆ, ದೀಪದ ಸುತ್ತ ಕಪ್ಪು ಉಂಗುರ ಮೂಡುತ್ತೆ. ಟ್ರಯಾಂಗಲ್ ಏನನ್ನೂ ಕಳೆಯಲ್ಲ, ಅಕ್ಕಪಕ್ಕದ ಚೌಕಗಳ ಜೊತೆ ಸ್ವಲ್ಪ ಹಂಚಿಕೊಂಡು ಕೂಡಿಸುತ್ತೆ ಅಷ್ಟೇ. ಸ್ವಲ್ಪ ಮೆತ್ತಗೆ ಕಾಣುತ್ತೆ ನಿಜ. ರಾತ್ರಿ ಫೋಟೊಗೆ ನಾನು ಮೆತ್ತಗಿರೋದನ್ನೇ ಆರಿಸ್ತೀನಿ. ಹಗಲಿನ ಫೋಟೊಗೆ ಲ್ಯಾಂಕ್ಜೋಸ್ ಬಗ್ಗೆ ನನ್ನ ತಕರಾರಿಲ್ಲ.

ಇದು ಎಲ್ಲದಕ್ಕೂ ಮದ್ದು ಅಂತಾನೂ ಅಂದ್ಕೊಳ್ಳಬೇಡಿ. ಮೊದಲನೆಯದಾಗಿ, ಬಲ್ಬಿನ ನಿಜವಾದ ಬೆಳಕು ಕ್ಯಾಮೆರಾದ 255ಕ್ಕಿಂತ ಎಷ್ಟೋ ಹೆಚ್ಚಿತ್ತು. ಕ್ಯಾಮೆರಾ ಅಲ್ಲೇ ಕತ್ತರಿಸಿದ್ದನ್ನು ಯಾವ ಲೆಕ್ಕವೂ ವಾಪಸ್ ತರಲ್ಲ, ಫೈಲ್‌ನಲ್ಲಿ ಉಳಿದಷ್ಟನ್ನು ಕಾಪಾಡಬಹುದು ಅಷ್ಟೇ. ಇನ್ನೊಂದು, ಬಿಳಿ ಹಾಳೆ ಮೇಲಿನ ಕಪ್ಪು ಅಕ್ಷರ. ಯಾವುದೋ ಸುತ್ತೋಲೆಯ ಸ್ಕ್ಯಾನ್ ಇಳಿಸ್ತಿದ್ದೀರಿ ಅನ್ನಿ. ಒಂದು ಚೌಕದ ಐದನೇ ಒಂದು ಪಾಲನ್ನು ಅಕ್ಷರದ ತೆಳು ಗೆರೆ ಹಿಡಿದಿದೆ. ಸಂಕೇತದ ಸರಾಸರಿ 204 ಕೊಡುತ್ತೆ, ಬೆಳಕಿನ ಸರಾಸರಿ 231. ಬೆಳಕಿನ ಮಟ್ಟಿಗೆ 231 ಸರಿ, ಆದ್ರೆ ಓದೋರಿಗೆ ಗೆರೆ ಇನ್ನಷ್ಟು ತೆಳುವಾಗಿ ಕಾಣುತ್ತೆ. ನಮ್ಮ ಒತ್ತಕ್ಷರಗಳು ಮೊದಲೇ ಪುಟಾಣಿ, ಅವು ಹಾಳೆಯಲ್ಲೇ ಕರಗಿ ಹೋಗ್ತವೆ. ಹಾಗಾಗಿ ಬರಹದ ಸ್ಕ್ಯಾನ್‌ಗಳಿಗೆ ನಾನು ಈಗಲೂ ಹಳೇ 'ತಪ್ಪು' ದಾರಿಯನ್ನೇ ಬಳಸ್ತೀನಿ, ನಾಚಿಕೆ ಏನಿಲ್ಲ.

ನಿಮ್ಮ ಫೋನ್, ನಿಮ್ಮ ಆ್ಯಪ್ ಯಾವ ಲೆಕ್ಕ ಮಾಡುತ್ತೆ ಅಂತ ತಿಳಿಯೋದು ಸುಲಭ. ದೊಡ್ಡದೊಂದು ಚಿತ್ರ ಮಾಡಿ, 2000ಕ್ಕೆ 2000 ಪಿಕ್ಸೆಲ್ ಇರಲಿ. ಚದುರಂಗದ ಹಾಸಿನ ಹಾಗೆ ಒಂದು ಪಿಕ್ಸೆಲ್ ಕಪ್ಪು, ಒಂದು ಬಿಳಿ. ಮಧ್ಯದಲ್ಲಿ 188ರ ಬೂದು ಬಣ್ಣದ ಚೌಕವೊಂದನ್ನು ತುಂಬಿ. ಜೆಪೆಗ್ ಬೇಡ, ಪಿಎನ್‌ಜಿಯಲ್ಲಿ ಉಳಿಸಿ, ಆಮೇಲೆ ಆ್ಯಪ್‌ನಲ್ಲಿ 1000ಕ್ಕೆ 1000 ಮಾಡಿ. ಬೆಳಕನ್ನು ಕೂಡಿಸೋ ಆ್ಯಪ್ ಆದ್ರೆ ಸುತ್ತಲೂ 188 ಆಗಿ ಮಧ್ಯದ ಚೌಕ ಕಾಣದಂತಾಗುತ್ತೆ. ಸಂಕೇತ ಕೂಡಿಸೋದಾದ್ರೆ ಸುತ್ತಲೂ 128ರ ಗಾಢ ಬೂದಿ, ನಡುವೆ ತಿಳಿ ಚೌಕ ಎದ್ದು ಕಾಣುತ್ತೆ. ಪೂರ್ತಿ ಕಪ್ಪೋ ಪೂರ್ತಿ ಬಿಳಿಯೋ ಬಂದ್ರೆ ಅದು ಸರಾಸರಿಯನ್ನೇ ತೆಗೀತಿಲ್ಲ, ನನ್ನ ಹಳೇ ಸ್ಕ್ರಿಪ್ಟ್‌ನ ನೆಂಟ. ಎರಿಕ್ ಬ್ರಾಸರ್ ಅನ್ನೋರು ಇದೇ ತತ್ವದ ಮೇಲೆ ದಲೈ ಲಾಮಾ ಅವರ ಒಂದು ಚಿತ್ರ ಮಾಡಿದ್ರು, ಬಹಳ ಪ್ರಸಿದ್ಧ. ತಪ್ಪು ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಅರ್ಧಕ್ಕೆ ಇಳಿಸಿದ್ರೆ ಮುಖವೇ ಮಾಯ ಆಗಿ ಬರೀ ಬೂದು ಆಯತ ಉಳಿಯುತ್ತೆ.

ಅವತ್ತು ರಾತ್ರಿ ಹತ್ತೂವರೆಗೆ ಹೊಸ ಸ್ಕ್ರಿಪ್ಟ್‌ನಲ್ಲಿ ಇಳಿಸಿದ ಅರಮನೆ ಮತ್ತೆ ಮುಖಪುಟಕ್ಕೆ ಹೋಯ್ತು. ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು, ಪುಟ ನೋಡ್ತಿದ್ರು ಅನ್ಸುತ್ತೆ. ಆಮೇಲೆ ಕೇಳಿದ್ರು: 'ಬಲಗಡೆ ಗೋಪುರದ ಕೆಳಗಿನ ಸಾಲಲ್ಲಿ ಎರಡು ಬಲ್ಬು ನಿಜವಾಗ್ಲೂ ಹೋಗಿದ್ವು. ಕಾಣ್ತಿದೆಯಾ ನೋಡು.'

ನೋಡಿದೆ. 600 ಪಿಕ್ಸೆಲ್‌ನ ಆ ಚಿತ್ರದಲ್ಲಿ, ಬೆಳಕಿನ ಸಾಲಿನ ನಡುವೆ ಒಂದು ಕಡೆ ಸಣ್ಣದಾಗಿ ಮಸುಕಾಗಿತ್ತು.

'ಕಾಣ್ತಿದೆ ಸರ್' ಅಂದೆ.

'ಹಾಗಾದ್ರೆ ಸರಿ' ಅಂದು ಫೋನ್ ಇಟ್ರು.